ಏಕಾದಶಿಯ ರಾತ್ರಿ ಮೂರು ಗಂಟೆಯ ಎಚ್ಚರ

ನಾನು ಎರಡು ಬಗೆಯ ಉಪವಾಸ ಮಾಡುತ್ತೇನೆ. ಒಂದು ದಿನಾಲೂ ನಡೆಯುವ ಇಂಟರ್ಮಿಟೆಂಟ್ ಫಾಸ್ಟಿಂಗ್. ಅಂದರೆ ದಿನದ ಎಂಟು ಗಂಟೆಯೊಳಗೆ ಊಟ ತಿಂಡಿ ಮುಗಿಸಿ, ಉಳಿದ ಹದಿನಾರು ಗಂಟೆ ಏನೂ ತಿನ್ನದೆ ಇರುವುದು. ಇನ್ನೊಂದು ಏಕಾದಶಿ. ತಿಂಗಳಿಗೆ ಎರಡು ಸಲ ಬರುತ್ತೆ. ಅವತ್ತು ನೀರು ಬಿಟ್ಟು ಬೇರೆ ಏನೂ ಇಲ್ಲ. ಮರುದಿನ ದ್ವಾದಶಿ ಬೆಳಗ್ಗೆ ಪಾರಣೆ, ಅಂದರೆ ಉಪವಾಸ ಮುಗಿಸುವ ಊಟ.

ಮೊದಲನೆಯದನ್ನು ಶುರು ಮಾಡಿದ್ದು ತೂಕ ಮತ್ತು ಹೊಟ್ಟೆಯ ಕಾರಣಕ್ಕೆ. ಎರಡನೆಯದು ಮನೆಯಲ್ಲಿ ನೋಡಿಕೊಂಡು ಬಂದಿದ್ದು, ಅದನ್ನು ಬಿಡುವ ಮಾತೇ ಇಲ್ಲ. ತೊಂದರೆ ಬಂದದ್ದು ನಿದ್ದೆಯಲ್ಲಿ. ದಿನನಿತ್ಯದ ಉಪವಾಸಕ್ಕೆ ಕೆಲವೇ ವಾರಗಳಲ್ಲಿ ಮೈ ಒಗ್ಗಿಕೊಂಡಿತು. ಏಕಾದಶಿಯ ರಾತ್ರಿ ಮಾತ್ರ ಎಷ್ಟು ತಿಂಗಳು ಕಳೆದರೂ ಸರಿಹೋಗಲಿಲ್ಲ. ಮಲಗಿದರೆ ನಿದ್ದೆ ಹತ್ತುತ್ತಿರಲಿಲ್ಲ. ಹತ್ತಿದರೂ ಮೂರು ಗಂಟೆ ಹೊತ್ತಿಗೆ ಕಣ್ಣು ತೆರೆದುಕೊಳ್ಳುತ್ತಿತ್ತು. "ಹಸಿದ ಹೊಟ್ಟೆಗೆ ನಿದ್ದೆ ಬರುತ್ತೇನಪ್ಪಾ?" ಅಂತ ಎಲ್ಲರೂ ಹೇಳುತ್ತಾರೆ. ಆದರೆ ಹಸಿವು ಒಂದೇ ಕಾರಣವಾಗಿದ್ದರೆ ನಮ್ಮ ದೊಡ್ಡಮ್ಮನಿಗೂ ನಿದ್ದೆ ಬರಬಾರದಿತ್ತು, ಅಲ್ವಾ? ಅವರು ನನಗಿಂತ ಕಟ್ಟುನಿಟ್ಟಾಗಿ ಏಕಾದಶಿ ಮಾಡುತ್ತಾರೆ, ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಾರೆ. ಹಾಗಾಗಿ ನಿಜವಾದ ಕಾರಣ ಏನು ಅಂತ ಒಂದೊಂದಾಗಿ ಬಿಡಿಸಿ ನೋಡಲು ಕೂತೆ.

ಹಾಸಿಗೆ ಪಕ್ಕ ಒಂದು ನೋಟ್‌ಬುಕ್ ಇಟ್ಟೆ. ನಿದ್ದೆಯ ಡೈರಿ ಅಂತ ವೈದ್ಯರು ನಿದ್ರಾಹೀನತೆ ಇರುವವರಿಗೆ ಬರೆಯಲು ಹೇಳುತ್ತಾರಲ್ಲ, ಅದೇ. ಬೆಳಗ್ಗೆ ಎದ್ದ ಮೇಲೆ ಅಂದಾಜಿನಲ್ಲಿ ಬರೆಯಬೇಕು. ರಾತ್ರಿ ಗಡಿಯಾರ ನೋಡುತ್ತಾ ಬರೆಯಲು ಹೋದರೆ ಆ ನೋಡುವುದೇ ನಿದ್ದೆ ಕೆಡಿಸುತ್ತದೆ. ದೀಪ ಆರಿಸಿದ ಹೊತ್ತು, ನಿದ್ದೆ ಹತ್ತಲು ಹಿಡಿದ ಸಮಯ, ನಡುವೆ ಎಚ್ಚರವಿದ್ದ ಸಮಯ, ಎದ್ದ ಹೊತ್ತು, ಇಷ್ಟು ಸಾಕು. ನಿದ್ದೆ ಮಾಡಿದ ನಿಮಿಷಗಳನ್ನು ಹಾಸಿಗೆಯಲ್ಲಿದ್ದ ನಿಮಿಷಗಳಿಂದ ಭಾಗಿಸಿದರೆ ಶೇಕಡಾವಾರು ಸಿಗುತ್ತದೆ. ಅದು 85ಕ್ಕಿಂತ ಮೇಲಿದ್ದರೆ ನಿದ್ದೆ ಚೆನ್ನಾಗಿದೆ ಅಂತ ಸಾಮಾನ್ಯ ಲೆಕ್ಕ. ಇದರ ಜೊತೆಗೆ ನಾನು ಇನ್ನು ಮೂರು ವಿಷಯ ಬರೆದೆ: ಕೊನೆಯ ಊಟದ ಹೊತ್ತು, ಕೊನೆಯ ಕಾಫಿಯ ಹೊತ್ತು, ಎಚ್ಚರವಾದಾಗ ಮೈಗೆ ಏನನ್ನಿಸಿತು ಎಂಬುದು. ಕೊನೆಗೆ ದಾರಿ ತೋರಿಸಿದ್ದು ಈ ಮೂರೇ.

ಒಂದು ಏಕಾದಶಿಯ ರಾತ್ರಿಯ ಪುಟ ಹೀಗಿದೆ. ಹತ್ತೂವರೆಗೆ ದೀಪ ಆರಿಸಿದ್ದು. ನಿದ್ದೆ ಹತ್ತಿದ್ದು ಹನ್ನೊಂದೂವರೆಗೆ. 3:10ಕ್ಕೆ ಎಚ್ಚರ, ಮತ್ತೆ ಕಣ್ಣು ಮುಚ್ಚಿದ್ದು 4:05ಕ್ಕೆ. 5:15ಕ್ಕೆ ಪಾರಣೆಗಾಗಿ ಅಲಾರಾಂ. ಹಾಸಿಗೆಯಲ್ಲಿ ಇದ್ದದ್ದು 405 ನಿಮಿಷ, ಅದರಲ್ಲಿ 115 ನಿಮಿಷ ಎಚ್ಚರ. ನಿದ್ದೆ 290 ನಿಮಿಷ, ಅಂದರೆ ಐದು ಗಂಟೆಯೂ ಇಲ್ಲ. ಶೇಕಡಾ 72. ಮಾಮೂಲಿ ದಿನಗಳಲ್ಲಿ ನನಗೆ 90ರ ಆಸುಪಾಸು ಇರುತ್ತದೆ.

ಅದೇ ರಾತ್ರಿ ಕೈಯಲ್ಲಿದ್ದ ಸ್ಮಾರ್ಟ್‌ವಾಚ್ ಆರು ಗಂಟೆಗೂ ಜಾಸ್ತಿ ನಿದ್ದೆ ತೋರಿಸಿತ್ತು, ಅಂಕವನ್ನೂ ಧಾರಾಳವಾಗಿ ಕೊಟ್ಟಿತ್ತು. ಇದು ಹೇಗಾಗುತ್ತದೆ ಅಂತ ತಿಳಿದುಕೊಳ್ಳುವುದು ಒಳ್ಳೆಯದು. ವಾಚ್ ಮುಖ್ಯವಾಗಿ ನೋಡುವುದು ಕೈಯ ಅಲುಗಾಟ ಮತ್ತು ನಾಡಿ ಬಡಿತ. ಎಚ್ಚರವಿದ್ದು ಸುಮ್ನೆ ಅಲುಗಾಡದೆ ಮಲಗಿದ್ದರೆ ಅದನ್ನೂ ಎಷ್ಟೋ ಸಲ ನಿದ್ದೆಯ ಲೆಕ್ಕಕ್ಕೇ ಹಾಕುತ್ತದೆ. ಮೇಲಿಂದ ಹೊಟ್ಟೆ ಖಾಲಿ ಇದ್ದಾಗ ಅರಗಿಸುವ ಕೆಲಸ ಇಲ್ಲದ್ದರಿಂದ ನನ್ನ ನಾಡಿ ರಾತ್ರಿಯ ಮೊದಲ ಹೊತ್ತಿನಲ್ಲಿ ಬೇಗ ಇಳಿಯುತ್ತಿತ್ತು. ವಾಚ್‌ಗೆ ಅದು ಒಳ್ಳೆಯ ವಿಶ್ರಾಂತಿಯ ಗುರುತು. ಉಪವಾಸದ ದಿನ ವಾಚ್‌ನ ಅಂಕ ಏರಿತು ಅಂತ ನಿದ್ದೆ ಸುಧಾರಿಸಿತು ಅಂದುಕೊಳ್ಳಬಾರದು. ನೋಟ್‌ಬುಕ್ಕನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಮೊದಲು ಹಿಡಿದುಕೊಂಡದ್ದು ನಿದ್ದೆ ಹತ್ತಲು ತಡವಾಗುವುದನ್ನು. ಇಲ್ಲಿ ದಿನನಿತ್ಯದ ಉಪವಾಸ ಮತ್ತು ಏಕಾದಶಿ ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಅಂತ ಕಂಡಿತು. ನನಗೆ ತುಂಬಾ ಮುಖ್ಯ ಅನ್ನಿಸಿದ ವಿಷಯ ಇದೇ.

ಹಸಿವು ಗಂಟೆಗಂಟೆಗೂ ಏರುತ್ತಾ ಹೋಗುವ ಸಂಗತಿ ಅಲ್ಲ. ಅಲೆಯ ಹಾಗೆ ಬಂದು ಹೋಗುತ್ತದೆ. ಹೊಟ್ಟೆಯಿಂದ ಹೊರಡುವ ಗ್ರೆಲಿನ್ ಎಂಬ ಹಾರ್ಮೋನು ಹಸಿವಿನ ಸಂದೇಶವನ್ನು ಮಿದುಳಿಗೆ ಒಯ್ಯುತ್ತದೆ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಪತ್ತೆ ಮಾಡಿದರು. ನಾವು ದಿನಾ ಉಣ್ಣುವ ಹೊತ್ತನ್ನು ಇದು ಕಲಿತುಬಿಡುತ್ತದೆ. ದಿನಾ ಒಂದು ಗಂಟೆಗೆ ಊಟ ಮಾಡುವವರಲ್ಲಿ ಒಂದು ಗಂಟೆ ಹತ್ತಿರ ಬಂದಂತೆ ಏರುತ್ತದೆ. ಅವತ್ತು ಊಟ ಮಾಡದಿದ್ದರೂ ಸ್ವಲ್ಪ ಹೊತ್ತಿಗೆ ತಾನಾಗಿಯೇ ಇಳಿಯುತ್ತದೆ. ಉಪವಾಸ ಮಾಡಿದವರಿಗೆಲ್ಲ ಇದು ಗೊತ್ತು. ಮಧ್ಯಾಹ್ನ ತಡೆಯಲಾಗದ ಹಸಿವು, ಮೂರು ಗಂಟೆಗೆ ಅದು ಎಲ್ಲಿ ಹೋಯಿತೋ ಅನ್ನುವಷ್ಟು ಹಗುರ.

ಈಗ ನನ್ನ ದಿನನಿತ್ಯದ ಹೊತ್ತು ನೋಡಿ. ನನ್ನ ಎಂಟು ಗಂಟೆಯ ಅವಧಿ ಮಧ್ಯಾಹ್ನ ಒಂದರಿಂದ ರಾತ್ರಿ ಒಂಬತ್ತು. ಬೆಳಗಿನ ತಿಂಡಿ ಬಿಡುವುದು ಸುಲಭ, ರಾತ್ರಿ ಮನೆಯವರ ಜೊತೆ ಕೂತು ಉಣ್ಣಬಹುದು ಅಂತ ಜಾಸ್ತಿ ಜನ ಹೀಗೇ ಇಟ್ಟುಕೊಳ್ಳುತ್ತಾರೆ. ಹಾಗಾಗಿ ರಾತ್ರಿ ಎಂಟೂವರೆ ಒಂಬತ್ತಕ್ಕೆ ನನ್ನ ದೊಡ್ಡ ಊಟ. ಮೈ ಆ ಹೊತ್ತಿಗೆ ಹಸಿಯಲು ಕಲಿತಿತ್ತು. ಏಕಾದಶಿ ದಿನವೂ ಒಂಬತ್ತಕ್ಕೆ ಸರಿಯಾಗಿ ಅಲೆ ಏಳುತ್ತಿತ್ತು, ಇಳಿಯಲು ಹನ್ನೊಂದು ದಾಟುತ್ತಿತ್ತು. ನಾನು ಹಾಸಿಗೆಗೆ ಹೋಗುತ್ತಿದ್ದದ್ದು ಅಲೆ ನಡುವೆ ಇರುವಾಗ. ಆ ಒಂದು ಗಂಟೆಯ ಹೊರಳಾಟಕ್ಕೆ ಏಕಾದಶಿಗಿಂತ ಉಳಿದ ದಿನಗಳ ಊಟದ ಹೊತ್ತೇ ಜಾಸ್ತಿ ಕಾರಣ.

ಹಾಗಾಗಿ ದಿನನಿತ್ಯದ ಅವಧಿಯನ್ನು ಹಿಂದಕ್ಕೆ ಸರಿಸಿದೆ. ಒಮ್ಮೆಲೇ ಬೆಳಗ್ಗೆ ಹತ್ತರಿಂದ ಸಂಜೆ ಆರಕ್ಕೆ ಇಟ್ಟು ನೋಡಿದಾಗ ಇನ್ನೊಂದು ತೊಂದರೆ ಎದುರಾಯಿತು. ಮಲಗಿದ ತಕ್ಷಣ ನಿದ್ದೆ ಬರುತ್ತಿತ್ತು, ಆದರೆ ನಸುಕಿನಲ್ಲೇ ಹಸಿವಾಗಿ ಎಚ್ಚರವಾಗುತ್ತಿತ್ತು. ಕೊನೆಗೆ ನಿಂತದ್ದು ಹನ್ನೊಂದರಿಂದ ಏಳಕ್ಕೆ. ಊಟಕ್ಕೂ ಹಾಸಿಗೆಗೂ ನಡುವೆ ಮೂರರಿಂದ ಮೂರೂವರೆ ಗಂಟೆ. ಇದರಿಂದ ಮಾಮೂಲಿ ದಿನಗಳಲ್ಲೂ ಲಾಭ ಆಯಿತು. ಒಂಬತ್ತರ ಊಟದ ದಿನಗಳಲ್ಲಿ ಮಲಗಿದ ಮೇಲೆ ಹುಳಿ ತೇಗು, ಎದೆಯುರಿ ಬರುತ್ತಿತ್ತು. ಹದಿನಾರು ಗಂಟೆ ಖಾಲಿ ಇದ್ದ ಮೇಲೆ ಎರಡೇ ಊಟದಲ್ಲಿ ಎಲ್ಲವನ್ನೂ ಮುಗಿಸುವುದರಿಂದ ರಾತ್ರಿಯ ಊಟ ಭಾರವಾಗುತ್ತದೆ. ತುಂಬಿದ ಹೊಟ್ಟೆಯಲ್ಲಿ ಮಲಗಿದರೆ ಆಮ್ಲ ಮೇಲಕ್ಕೆ ಬರುತ್ತದೆ. ಅವಧಿ ಸರಿಸಿದ ಮೇಲೆ ಅದು ನಿಂತಿತು.

ಹೊಸ ಹೊತ್ತಿಗೆ ಮೈ ಹೊಂದಿಕೊಳ್ಳಲು ಎರಡು ಮೂರು ವಾರ ಹಿಡಿಯಿತು. ನಡುವೆ ಬಂದ ಏಕಾದಶಿಯಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಆಮೇಲಿನ ಏಕಾದಶಿಗಳಲ್ಲಿ ಹಸಿವಿನ ಅಲೆ ಏಳಕ್ಕೆ ಬಂದು ಒಂಬತ್ತರ ಹೊತ್ತಿಗೆ ಇಳಿದಿರುತ್ತಿತ್ತು. ದಿನಾಲೂ ನಡೆಯುವ ಉಪವಾಸವನ್ನು ಮೈ ಕಲಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಬರುವುದನ್ನು ಕಲಿಯಲು ಅದಕ್ಕೆ ಅವಕಾಶವೇ ಸಿಗುವುದಿಲ್ಲ. ಆದ್ದರಿಂದ ಏಕಾದಶಿಯ ರಾತ್ರಿಯನ್ನು ಸುಧಾರಿಸಬೇಕಾದರೆ ಅದರ ಆಚೀಚಿನ ದಿನಗಳನ್ನು ಸರಿ ಮಾಡಿಕೊಳ್ಳಬೇಕು.

ಎರಡನೆಯದು ಕಾಫಿ. ಎಚ್ಚರವಾದಾಗ ಮೈಗೆ ಏನನ್ನಿಸಿತು ಅನ್ನುವ ಕಾಲಂನಲ್ಲಿ ಏಕಾದಶಿಯ ದಿನ ಮತ್ತೆ ಮತ್ತೆ ಬಂದ ಪದ ತಲೆನೋವು. ಹಣೆಯ ಎರಡೂ ಕಡೆ ಒತ್ತಿದ ಹಾಗೆ. ಇದು ಹಸಿವಿನ ತಲೆನೋವು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿದರೆ ಬೇರೆ ಕಾಣುತ್ತದೆ. ದಿನಾ ಕಾಫಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ತಲೆನೋವು ಶುರುವಾಗುವುದು ಕೊನೆಯ ಲೋಟದ 12ರಿಂದ 24 ಗಂಟೆಯ ನಂತರ. ಜೋರಾಗುವುದು ಸುಮಾರು 20 ಗಂಟೆ ದಾಟಿದ ಮೇಲೆ, ಎರಡನೆಯ ದಿನದವರೆಗೂ ಇರಬಹುದು. ನನ್ನ ಕೊನೆಯ ಕಾಫಿ ದಶಮಿಯ ಸಂಜೆ ನಾಲ್ಕಕ್ಕೆ. ಅಲ್ಲಿಂದ 20 ಗಂಟೆ ಅಂದರೆ ಏಕಾದಶಿಯ ಮಧ್ಯಾಹ್ನ, 35 ಗಂಟೆ ಅಂದರೆ ದ್ವಾದಶಿಯ ನಸುಕಿನ ಮೂರು. ಸರಿಯಾಗಿ ನನ್ನ ಎಚ್ಚರದ ಹೊತ್ತು!

ಪರೀಕ್ಷೆ ಸುಲಭ. ಏಕಾದಶಿಗೆ ನಾಲ್ಕು ದಿನ ಇರುವಾಗಿನಿಂದ ಕಾಫಿ ಇಳಿಸುತ್ತಾ ಬಂದೆ. ಮೊದಲು ಸಂಜೆಯ ಲೋಟ ಹೋಯಿತು. ಆಮೇಲೆ ಬೆಳಗಿನದು ಅರ್ಧ ಆಯಿತು. ದಶಮಿ ದಿನ ಬೆಳಗ್ಗೆ ಅರ್ಧ ಲೋಟ ಮಾತ್ರ. ಆ ಏಕಾದಶಿಯಲ್ಲಿ ಹಸಿವು ಎಂದಿನಷ್ಟೇ ಇತ್ತು, ತಲೆನೋವು ಇರಲಿಲ್ಲ. ಮಾಮೂಲಿ ದಿನಗಳಲ್ಲೂ ಸಂಜೆಯ ಕಾಫಿ ಬಿಟ್ಟುಬಿಟ್ಟೆ. ಕೆಫೀನ್ ಅರ್ಧದಷ್ಟು ಕರಗಲು ಹೆಚ್ಚುಕಡಿಮೆ ಐದು ಗಂಟೆ ಬೇಕು. ಐದಕ್ಕೆ ಕುಡಿದದ್ದರಲ್ಲಿ ಅರ್ಧ ಹತ್ತಕ್ಕೂ ರಕ್ತದಲ್ಲಿರುತ್ತದೆ. ಉಪವಾಸದ ಹೊತ್ತಿನಲ್ಲಿ ಹಸಿವು ಮರೆಯಲಿ ಅಂತ ಹಾಲು ಸಕ್ಕರೆ ಇಲ್ಲದ ಕಾಫಿ ಕುಡಿಯುತ್ತಲೇ ಇರುವವರಿದ್ದಾರೆ. ಅವರ ನಿದ್ದೆ ಕೆಟ್ಟರೆ ಅಪವಾದ ಉಪವಾಸದ ಮೇಲೆ ಬರುತ್ತದೆ.

ಮೂರನೆಯದನ್ನು ಹೇಳಿಕೊಟ್ಟದ್ದು ದೊಡ್ಡಮ್ಮ. ಒಂದು ಏಕಾದಶಿ ಮಧ್ಯಾಹ್ನ ಫೋನಿನಲ್ಲಿ ಮಾತಾಡುವಾಗ, "ಮಂಪರು ಹತ್ತಿದೆ ದೊಡ್ಡಮ್ಮ, ಸ್ವಲ್ಪ ಅಡ್ಡಾಗ್ತೀನಿ" ಅಂದೆ.

"ಇವತ್ತು ಹಗಲು ಮಲಗಬಾರದು ಕಣೋ" ಅಂದರು. "ವ್ರತ ಕೆಡತ್ತೆ ಅನ್ನೋದು ಹಾಗಿರಲಿ, ರಾತ್ರಿ ನಿದ್ದೆ ಎಲ್ಲಿಂದ ಬರತ್ತೆ ನಿಂಗೆ?"

ಏಕಾದಶಿಯಲ್ಲಿ ಹಗಲುನಿದ್ದೆ ನಿಷಿದ್ಧ ಅಂತ ಕೇಳಿದ್ದೆ. ಅದಕ್ಕೂ ರಾತ್ರಿಯ ನಿದ್ದೆಗೂ ಇರುವ ನಂಟು ಅವತ್ತು ಹೊಳೆಯಿತು. ಎಚ್ಚರವಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಕೂಡಿಕೊಳ್ಳುತ್ತಾ ನಿದ್ದೆಯ ಒತ್ತಡ ಏರುತ್ತದೆ. ಹಗಲು ಒಂದೂವರೆ ಗಂಟೆ ಮಲಗಿದರೆ ಆ ಒತ್ತಡದಲ್ಲಿ ಒಂದು ಪಾಲು ಕರಗಿಹೋಗುತ್ತದೆ. ಮಾಮೂಲಿ ದಿನ ಅದನ್ನು ಹೇಗೋ ತಡೆದುಕೊಳ್ಳಬಹುದು. ಉಪವಾಸದ ರಾತ್ರಿ ಮೈ ಮೊದಲೇ ಎಚ್ಚರದ ಕಡೆಗೆ ವಾಲಿರುತ್ತದೆ, ಅವತ್ತು ಒತ್ತಡ ಪೂರ್ತಿ ಬೇಕು. ನೋಟ್‌ಬುಕ್ ತಿರುವಿ ನೋಡಿದೆ. ಹಗಲು ಮಲಗಿದ್ದ ಏಕಾದಶಿಗಳಲ್ಲೇ ನಿದ್ದೆ ಹತ್ತಲು ಜಾಸ್ತಿ ಹೊತ್ತು ಹಿಡಿದಿತ್ತು.

ದೊಡ್ಡಮ್ಮನ ದಿನಚರಿಯನ್ನು ಬಿಡಿಸಿ ಕೇಳಿದಾಗ ಉಳಿದದ್ದೂ ಸ್ಪಷ್ಟವಾಯಿತು. ಕಾಫಿ ಅವರಿಗೆ ರೂಢಿಯೇ ಇಲ್ಲ. ದಶಮಿ ದಿನ ಮಧ್ಯಾಹ್ನ ಒಂದೇ ಊಟ. ವರ್ಷವಿಡೀ ಅವರು ಮಲಗುವುದು ಒಂಬತ್ತಕ್ಕೆ, ಏಳುವುದು ನಾಲ್ಕೂವರೆಗೆ. ದ್ವಾದಶಿ ತಿಥಿ ಇರುವಾಗಲೇ ಪಾರಣೆ ಆಗಬೇಕಲ್ಲ, ಕೆಲವು ಸಲ ಸೂರ್ಯೋದಯ ಆದ ಸ್ವಲ್ಪ ಹೊತ್ತಿಗೇ ತಿಥಿ ಮುಗಿಯುತ್ತದೆ. ಅದಕ್ಕೆ ಸಾಧನಾ ದ್ವಾದಶಿ ಅಂತಾರೆ. ಸ್ನಾನ, ಪೂಜೆ, ಅಡುಗೆ ಎಲ್ಲ ಅಷ್ಟರೊಳಗೆ ಆಗಬೇಕು. ದಿನಾ ಆರಕ್ಕೆ ಏಳುವ ನನಗೆ ಅವತ್ತು ನಾಲ್ಕಕ್ಕೆ ಏಳುವುದೆಂದರೆ ಎರಡು ಗಂಟೆ ನಿದ್ದೆ ಖೋತಾ. ನಾಳೆ ಬೇಗ ಏಳಬೇಕು ಎಂಬ ಯೋಚನೆಯೂ ರಾತ್ರಿ ಎಚ್ಚರ ತರುತ್ತದೆ. ದೊಡ್ಡಮ್ಮನಿಗೆ ಅದು ದಿನದ ಹೊತ್ತೇ. ಅವರಷ್ಟು ಬೇಗ ಮಲಗಲು ನನ್ನ ಕೆಲಸ ಬಿಡುವುದಿಲ್ಲ. ಪಂಚಾಂಗ ನೋಡಿಕೊಂಡು, ದಶಮಿಗೆ ಎರಡು ದಿನ ಮೊದಲಿಂದ ಮಲಗುವ, ಏಳುವ ಹೊತ್ತನ್ನು ದಿನಕ್ಕೆ ಕಾಲು ಗಂಟೆಯಷ್ಟು ಹಿಂದೆ ತರುತ್ತೇನೆ.

ನೀರಿನ ವಿಷಯ ಚಿಕ್ಕದು, ಆದರೆ ಬಿಡುವಂತಿಲ್ಲ. ಉಪವಾಸದಲ್ಲಿ ಇನ್ಸುಲಿನ್ ಇಳಿಯುತ್ತದೆ. ಆಗ ಮೂತ್ರಪಿಂಡಗಳು ಉಪ್ಪನ್ನು ಜಾಸ್ತಿ ಹೊರಹಾಕುತ್ತವೆ, ಅದರ ಜೊತೆ ನೀರೂ ಹೋಗುತ್ತದೆ. ಊಟದಿಂದ ಸಿಗುವ ನೀರೂ ಅವತ್ತು ಇಲ್ಲ. ಸಂಜೆ ಹೊತ್ತಿಗೆ ಬಾಯಿ ಒಣಗುತ್ತದೆ, ಆಗ ಗಟಗಟ ಕುಡಿದರೆ ರಾತ್ರಿ ಎರಡು ಸಲ ಏಳಬೇಕಾಗುತ್ತದೆ. ಹಗಲು ಹೊತ್ತು ಸ್ವಲ್ಪ ಸ್ವಲ್ಪವಾಗಿ ಕುಡಿದು, ಎಂಟರ ಮೇಲೆ ಗುಟುಕಿಗೆ ನಿಲ್ಲಿಸಿದರೆ ಆ ಏಳುವುದು ತಪ್ಪುತ್ತದೆ. ನೀರನ್ನೂ ಬಿಡುವ ನಿರ್ಜಲ ಏಕಾದಶಿಗೆ ಈ ಮಾತು ಹೊಂದುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಮೂರು ಗಂಟೆಯ ಎಚ್ಚರ ಪೂರ್ತಿ ಹೋಗಲಿಲ್ಲ. ಗಿಡ್ಡವಾಯಿತು ಅಷ್ಟೇ. ತಲೆನೋವಿಲ್ಲ, ಬಾಯಾರಿಕೆಯಿಲ್ಲ, ಹೊಟ್ಟೆ ಕೂಗುವುದೂ ಇಲ್ಲ, ಆದರೂ ತಲೆ ತಿಳಿಯಾಗಿ ಎಚ್ಚರ. ನಿಜವಾಗಿ ಉಪವಾಸಕ್ಕೇ ಸೇರಿದ ಎಚ್ಚರ ಇದು ಅಂತ ನನ್ನ ತೀರ್ಮಾನ. ದಶಮಿಯ ಊಟದಿಂದ ಲೆಕ್ಕ ಹಾಕಿದರೆ ಆ ಹೊತ್ತಿಗೆ 30 ಗಂಟೆ ದಾಟಿರುತ್ತದೆ. ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಹೆಚ್ಚುಕಡಿಮೆ ಖಾಲಿ. ಮೈ ಕೊಬ್ಬನ್ನು ಉರಿಸುತ್ತಾ, ಬೇಕಾದ ಸಕ್ಕರೆಯನ್ನು ತಾನೇ ತಯಾರಿಸುತ್ತಿರುತ್ತದೆ. ಮಿದುಳಿನಲ್ಲಿ ಒರೆಕ್ಸಿನ್ ಎಂಬ ರಾಸಾಯನಿಕ ಹೊರಡಿಸುವ ನರಕೋಶಗಳಿವೆ. ನಮ್ಮನ್ನು ಎಚ್ಚರದಲ್ಲಿಡುವುದು ಅವುಗಳ ಕೆಲಸ. ರಕ್ತದ ಸಕ್ಕರೆ ಇಳಿದರೆ, ಗ್ರೆಲಿನ್ ಏರಿದರೆ ಅವು ಚುರುಕಾಗುತ್ತವೆ. ಹಸಿದ ಪ್ರಾಣಿ ಮಲಗಿಬಿಟ್ಟರೆ ಆಹಾರ ಹುಡುಕುವುದು ಯಾರು?

ಹಾಗಿದ್ದರೆ ಮೊದಲ ನಿದ್ದೆ ಯಾಕೆ ಕೆಡಲಿಲ್ಲ, ಮೂರಕ್ಕೇ ಯಾಕೆ? ರಾತ್ರಿಯ ಮೊದಲರ್ಧದಲ್ಲಿ ನಿದ್ದೆಯ ಒತ್ತಡ ಜೋರಾಗಿರುತ್ತದೆ, ಗಾಢ ನಿದ್ದೆ ಬರುವುದು ಆಗಲೇ. ಎಚ್ಚರದ ಕರೆ ಅದರ ಮುಂದೆ ಗೆಲ್ಲುವುದಿಲ್ಲ. ನಾಲ್ಕೈದು ಗಂಟೆ ಮಲಗಿದ ಮೇಲೆ ಒತ್ತಡ ಇಳಿದಿರುತ್ತದೆ, ಮೈಯನ್ನು ಎಚ್ಚರಕ್ಕೆ ಅಣಿ ಮಾಡುವ ಕಾರ್ಟಿಸಾಲ್ ಎಂಬ ಹಾರ್ಮೋನು ನಸುಕಿನಲ್ಲಿ ಏರಲು ಶುರುವಾಗಿರುತ್ತದೆ. ಆಗ ಅದೇ ಕರೆ ನಮ್ಮನ್ನು ಎಬ್ಬಿಸುತ್ತದೆ. ಆ ಹೊತ್ತಿಗೆ ದೀಪ ಹಾಕದೆ, ಫೋನ್ ಮುಟ್ಟದೆ, ಮಂದ ಬೆಳಕಿನಲ್ಲಿ ಕೂತು ಜಪ ಮಾಡುತ್ತೇನೆ. ಕಣ್ಣು ಎಳೆದಾಗ ಮತ್ತೆ ಮಲಗುತ್ತೇನೆ. ಈಗಿನ ಒಂದು ಪುಟ ಹೀಗಿದೆ: ಹತ್ತೂಕಾಲಿಗೆ ದೀಪ ಆರಿಸಿದ್ದು, 10:40ಕ್ಕೆ ನಿದ್ದೆ, ನಸುಕಿನಲ್ಲಿ 25 ನಿಮಿಷ ಎಚ್ಚರ, ಐದೂಕಾಲಿಗೆ ಎದ್ದದ್ದು. 420 ನಿಮಿಷದಲ್ಲಿ 370 ನಿದ್ದೆ, ಶೇಕಡಾ 88.

ಇದೇ ಮೂರು ಗಂಟೆಯ ಎಚ್ಚರ ಇನ್ನೊಂದು ರೂಪದಲ್ಲಿ ಬಂದರೆ ಕೂತು ಜಪ ಮಾಡುವ ಮಾತಲ್ಲ. ಮೈಯೆಲ್ಲ ಬೆವರಿ, ಕೈ ನಡುಗಿ, ಎದೆ ಹೊಡೆದುಕೊಂಡು, ಕೆಟ್ಟ ಕನಸಿನಿಂದ ಎಚ್ಚರವಾದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಿರಬಹುದು. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ, ಗ್ಲಿಮೆಪಿರೈಡ್‌ನಂಥ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರಲ್ಲಿ ಇದು ಆಗುತ್ತದೆ. ಗ್ಲೂಕೋಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ ತಕ್ಷಣ ಸಕ್ಕರೆ ಬಾಯಿಗೆ ಹಾಕಬೇಕು, ವ್ರತ ಅಲ್ಲಿಗೆ ನಿಲ್ಲಬೇಕು. ಇಂಥವರು ಉಪವಾಸಕ್ಕೆ ಮೊದಲೇ ವೈದ್ಯರ ಹತ್ತಿರ ಮಾತ್ರೆಯ ಪ್ರಮಾಣದ ಬಗ್ಗೆ ಮಾತಾಡಲೇಬೇಕು. ವಯಸ್ಸಾದವರಿಗೆ, ಕಾಯಿಲೆಯವರಿಗೆ, ಬಸುರಿಯರಿಗೆ ಫಲಾಹಾರದ ರಿಯಾಯಿತಿ ವ್ರತದಲ್ಲೇ ಇದೆ. ಅದನ್ನು ಬಳಸಿಕೊಳ್ಳಲು ಸಂಕೋಚಪಡಬೇಕಿಲ್ಲ.

ಫಲಾಹಾರ ಮಾಡುವವರಿಗೂ ಒಂದು ಮಾತು. ಧಾನ್ಯ ಬಿಟ್ಟೆವೆಂದು ರಾತ್ರಿ ಒಂಬತ್ತಕ್ಕೆ ಕರಿದದ್ದು, ಸಿಹಿಯಾದದ್ದು ಹೊಟ್ಟೆ ತುಂಬ ತಿಂದರೆ ಅವತ್ತಿನ ನಿದ್ದೆ ಕೆಡುವುದು ಭಾರದ ಊಟದಿಂದ. ಆಗ ಎಚ್ಚರದ ಹೊತ್ತಿನ ಗುರುತು ಬೇರೆ ಇರುತ್ತದೆ. ಮಲಗಿದ ಒಂದೆರಡು ಗಂಟೆಯಲ್ಲೇ ಎದೆಯುರಿ, ಸೆಕೆ, ದಾಹ. ಅದೇ ಫಲಾಹಾರ ಸಂಜೆ ಆರಕ್ಕೆ, ಅರ್ಧ ಹೊಟ್ಟೆಗೆ ಆದರೆ ನಿದ್ದೆಗೆ ನಿಜವಾಗಿ ಸಹಾಯ ಮಾಡುತ್ತದೆ.

ಇನ್ನು ಉಳಿದದ್ದು ದ್ವಾದಶಿ. ಏಕಾದಶಿಯ ನಿದ್ದೆ ಕೆಟ್ಟದ್ದಕ್ಕಿಂತ ದ್ವಾದಶಿ ರಾತ್ರಿಯ ನಿದ್ದೆ ಕೆಡುವುದು ನನಗೆ ಜಾಸ್ತಿ ಕಾಟ ಕೊಟ್ಟಿತ್ತು, ಯಾಕೆಂದರೆ ಅದರ ಹಿಂದೆಯೇ ಕೆಲಸದ ದಿನಗಳಿರುತ್ತವೆ. ಪಾರಣೆಯ ಊಟ ರುಚಿ, ಹೊಟ್ಟೆ ಖಾಲಿ, ರಾತ್ರಿಯ ನಿದ್ದೆ ಕಡಿಮೆ. ಉಂಡ ಕೂಡಲೇ ಮಲಗಿದರೆ ಮೂರು ಗಂಟೆ ಎದ್ದೇಳುವುದಿಲ್ಲ, ಆ ರಾತ್ರಿ ಹನ್ನೆರಡಾದರೂ ಕಣ್ಣು ಮುಚ್ಚುವುದಿಲ್ಲ. ದ್ವಾದಶಿಯಲ್ಲೂ ಹಗಲು ಮಲಗಬಾರದು ಅಂತಲೇ ದೊಡ್ಡಮ್ಮ ಹೇಳುವುದು. ನನಗೆ ಪೂರ್ತಿ ತಡೆಯಲು ಆಗುವುದಿಲ್ಲ. ಮಧ್ಯಾಹ್ನ ಎರಡರೊಳಗೆ, ಅಲಾರಾಂ ಇಟ್ಟು, 20 ನಿಮಿಷ ಕುರ್ಚಿಯಲ್ಲೇ ಒರಗುತ್ತೇನೆ. ಪಾರಣೆಯನ್ನು ಮಿತವಾಗಿ ಮುಗಿಸಿ, ದೊಡ್ಡ ಊಟವನ್ನು ಮಧ್ಯಾಹ್ನ ಹನ್ನೆರಡಕ್ಕೆ ಇಟ್ಟುಕೊಳ್ಳುತ್ತೇನೆ. ಅವತ್ತು 16:8ರ ಲೆಕ್ಕ ಹಿಡಿಯುವುದಿಲ್ಲ. ಸಂಜೆ ಏಳರ ಊಟವನ್ನು ಮಾತ್ರ ತಪ್ಪಿಸುವುದಿಲ್ಲ, ಹಸಿವಿನ ಹೊತ್ತು ಮತ್ತೆ ತನ್ನ ಜಾಗಕ್ಕೆ ಬರಲು ಅದು ಬೇಕು.